ಯಾರು ಯಾವಾಗ ತೀರಿಕೊಂಡರು?

ತಾಲ್ಲೂಕು ಕಚೇರಿಯ ಕಡತಗಳಲ್ಲಿ, ವಕೀಲರ ಮೇಜಿನ ಮೇಲೆ, ಭೂಸ್ವಾಧೀನದ ಪರಿಹಾರ ಕೋರಿದ ಅರ್ಜಿಗಳ ಜೊತೆ ಒಂದೇ ಬಗೆಯ ಹಾಳೆ ಮತ್ತೆ ಮತ್ತೆ ಸಿಗುತ್ತದೆ. ಮೇಲೆ ನಡುವಿನಲ್ಲಿ ಒಂದು ಹೆಸರು, ಅದರ ಪಕ್ಕ ಕಂಸದೊಳಗೆ ‘ಮೃತ’ ಎಂಬ ಪದ. ಅಲ್ಲಿಂದ ಕೆಳಗಿಳಿದ ಗೆರೆ ಎರಡಾಗಿಯೋ ಮೂರಾಗಿಯೋ ಒಡೆದು ಮಕ್ಕಳ ಹೆಸರಿಗೆ ತಲುಪುತ್ತದೆ. ಅವರ ಕೆಳಗೆ ಮೊಮ್ಮಕ್ಕಳು. ಹಾಳೆಯ ತಳದಲ್ಲಿ ಒಂದು ಒಕ್ಕಣೆ: ‘ಮೇಲ್ಕಂಡವರನ್ನು ಬಿಟ್ಟು ಬೇರೆ ಯಾರೂ ವಾರಸುದಾರರು ಇರುವುದಿಲ್ಲ.’ ಅದರ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು.

ಇದೇ ವಂಶವೃಕ್ಷ. ಪೌತಿ ಖಾತೆಗೆ, ಬ್ಯಾಂಕಿನ ಠೇವಣಿಗೆ, ಸ್ವಾಧೀನವಾದ ಜಮೀನಿನ ಪರಿಹಾರಕ್ಕೆ ಮೊದಲು ಕೇಳುವ ಕಾಗದ ಇದು. ನಾಡಕಚೇರಿಗೆ ಅರ್ಜಿ ಹೋದರೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ, ಅಕ್ಕಪಕ್ಕದವರ ಹೇಳಿಕೆ ಪಡೆಯುತ್ತಾರೆ, ಕಂದಾಯ ನಿರೀಕ್ಷಕರ ಟಿಪ್ಪಣಿಯೊಂದಿಗೆ ಅದಕ್ಕೆ ಮೊಹರು ಬೀಳುತ್ತದೆ. ಅಲ್ಲಿಂದ ಮುಂದೆ ಹಾಳೆಯನ್ನು ಎಲ್ಲರೂ ಒಂದೇ ರೀತಿ ಓದುತ್ತಾರೆ. ಮೇಲಿನಿಂದ ಶುರುಮಾಡಿ, ಎಷ್ಟು ಗೆರೆ ಒಡೆದಿದೆ ಎಂದು ಎಣಿಸಿ, ಹಣವನ್ನು ಅಷ್ಟು ಭಾಗ ಮಾಡುತ್ತಾರೆ. ಎರಡು ಗೆರೆ ಇದ್ದರೆ ಅರ್ಧ ಅರ್ಧ.

ಹೀಗೆ ಓದುವುದು ತಪ್ಪು. ವಂಶವೃಕ್ಷ ಹೇಳುವುದು ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಮಾತ್ರ, ಯಾರಿಗೆ ಎಷ್ಟು ಪಾಲು ಎಂಬುದನ್ನು ಅದು ಹೇಳುವುದಿಲ್ಲ. ಪಾಲು ಹುಟ್ಟುವುದು ಸಾವಿನ ದಿನ. ಒಬ್ಬ ವ್ಯಕ್ತಿ ವಿಲ್ ಬರೆಯದೆ ತೀರಿಕೊಂಡ ಕ್ಷಣದಲ್ಲಿ ಯಾರು ಯಾರು ಬದುಕಿದ್ದರೋ ಅವರಿಗೆ ಆಸ್ತಿ ಹೋಗುತ್ತದೆ. ಅವರಲ್ಲಿ ಒಬ್ಬರು ತೀರಿಕೊಂಡಾಗ ಅವರ ಪಾಲು ಅವರದೇ ವಾರಸುದಾರರಿಗೆ ಹೋಗುತ್ತದೆ, ಆ ಪಟ್ಟಿ ಮೊದಲಿನದಕ್ಕಿಂತ ಬೇರೆಯೇ ಇರಬಹುದು. ಆದ್ದರಿಂದ ಹಾಳೆಯನ್ನು ತಲೆಮಾರಿನಿಂದ ತಲೆಮಾರಿಗೆ ಓದದೆ ಒಂದು ಸಾವಿನಿಂದ ಮುಂದಿನ ಸಾವಿಗೆ ಓದಬೇಕು. ನಮ್ಮ ಕಚೇರಿಗಳು ಸ್ವೀಕರಿಸುವ ಬಹುಪಾಲು ಹಾಳೆಗಳಲ್ಲಿ ಇರುವುದು ‘ಮೃತ’ ಎಂಬ ಒಂದು ಪದ, ಅದರ ಮುಂದೆ ವರ್ಷವಿಲ್ಲ. ಹೆಣ್ಣುಮಕ್ಕಳ ಗೆರೆ ಎಷ್ಟೋ ಸಲ ಇರುವುದೇ ಇಲ್ಲ. ಈ ಎರಡು ಕೊರತೆಯಿಂದ ಎಷ್ಟು ಹಣ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಅದಕ್ಕೊಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಹೆಸರುಗಳು ವಿವರಣೆಗಾಗಿ ಇಟ್ಟವು, ಆದರೆ ಇಂಥ ಹಾಳೆ ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಸಿಕ್ಕೀತು. ಮೇಲ್ಗಡೆ ಬಸಪ್ಪ, ಮೃತ. ಅವನ ಕೆಳಗೆ ಎರಡು ಗೆರೆ: ಮಲ್ಲಪ್ಪ, ಮೃತ, ಈರಪ್ಪ. ಮಲ್ಲಪ್ಪನ ಕೆಳಗೆ ಒಬ್ಬ ಮಗ, ಅವನ ಹೆಸರೂ ಬಸಪ್ಪ. ಹಿರಿಯ ಬಸಪ್ಪ ಸ್ವಂತ ದುಡಿಮೆಯಿಂದ ಕೊಂಡಿದ್ದ ಹೊಲ ಇನ್ನೂ ಅವನ ಹೆಸರಿನಲ್ಲೇ ಇದೆ. ನಡುವೆ ಪಾಲುಪಟ್ಟಿ, ವಿಲ್ ಏನೂ ಆಗಿಲ್ಲ. ಈಗ ಹೊಲ ಸ್ವಾಧೀನವಾಗಿ 36 ಲಕ್ಷ ರೂಪಾಯಿ ಪರಿಹಾರ ಬಂದಿದೆ ಎನ್ನೋಣ. ಹಾಳೆ ಬರೆದವನು ಮೊಮ್ಮಗ ಬಸಪ್ಪ. ಅದರ ಪ್ರಕಾರ ಅವನಿಗೆ 18 ಲಕ್ಷ, ಚಿಕ್ಕಪ್ಪ ಈರಪ್ಪನಿಗೆ 18 ಲಕ್ಷ.

ಇನ್ನು ಆ ಮನೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದಾಗ ಗೊತ್ತಾಗುವುದು ಇದು. ಹಿರಿಯ ಬಸಪ್ಪ ತೀರಿಕೊಂಡದ್ದು 1972ರಲ್ಲಿ, ಭಾರೀ ಬರ ಬಿದ್ದಿದ್ದ ಕಾಲ. ಆಗ ಅವನ ಹೆಂಡತಿ ಗೌರಮ್ಮ ಇದ್ದಳು, ಮಲ್ಲಪ್ಪ ಮತ್ತು ಈರಪ್ಪ ಇದ್ದರು, ಮಗಳು ನೀಲಮ್ಮ ಇದ್ದಳು. ಅಷ್ಟೇ ಅಲ್ಲ, ಬಸಪ್ಪನ ಮುದಿತಾಯಿ ಸಂಗಮ್ಮ ಕೂಡ ಇದ್ದಳು. ಅವಳು ತೀರಿಕೊಂಡದ್ದು 1975ರಲ್ಲಿ. ಸಂಗಮ್ಮನಿಗೆ ಬಸಪ್ಪನಲ್ಲದೆ ಒಬ್ಬ ಮಗಳೂ ಇದ್ದಳು, ಚೆನ್ನಮ್ಮ. ಅವಳನ್ನು ಬೇರೆ ತಾಲ್ಲೂಕಿಗೆ ಮದುವೆ ಮಾಡಿ ಕೊಟ್ಟಿತ್ತು. ಮಲ್ಲಪ್ಪ 1985ರಲ್ಲಿ ತೀರಿಕೊಂಡ. ಅವನ ಹೆಂಡತಿ ಪಾರ್ವತಿ, ಮಗ ಬಸಪ್ಪ, ಒಬ್ಬ ಮಗಳು ಈಗಲೂ ಇದ್ದಾರೆ. ಗೌರಮ್ಮ 1990ರಲ್ಲಿ ಹೋದಳು. ಹಾಳೆಯಲ್ಲಿ ನಾಲ್ಕು ಹೆಸರಿದ್ದವು. ಈಗ ಹತ್ತಾದವು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಹಿಂದೂ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಮೊದಲನೇ ವರ್ಗದ ವಾರಸುದಾರರಿಗೆ ಒಟ್ಟಿಗೇ ಹೋಗುತ್ತದೆ. ಹೆಂಡತಿ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು, ತಾಯಿ, ಎಲ್ಲರಿಗೂ ಸಮ ಪಾಲು. ಜನ ಮರೆಯುವುದು ತಾಯಿಯನ್ನು. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಈಗ ಊರೂರಲ್ಲೂ ಮಾತಿದೆ, ಆದರೆ ಮಗನ ಆಸ್ತಿಯಲ್ಲಿ ತಾಯಿ ಪಾಲುದಾರಳು ಎಂಬುದು ವಂಶವೃಕ್ಷ ಬರೆಯುವವರ ಮನಸ್ಸಿಗೆ ಬರುವುದು ಕಡಿಮೆ. ಕಾರಣ ಸರಳ. ಹಾಳೆಯಲ್ಲಿ ಬಸಪ್ಪನೇ ಮೂಲ ಪುರುಷ. ಅವನ ಮೇಲೆ ಯಾರನ್ನಾದರೂ ಬರೆಯಲು ಅಲ್ಲಿ ಜಾಗವೇ ಇಲ್ಲ.

ಹಾಗಾಗಿ 1972ರಲ್ಲಿ ಐದು ಪಾಲು. ಸಂಗಮ್ಮ, ಗೌರಮ್ಮ, ಮಲ್ಲಪ್ಪ, ಈರಪ್ಪ, ನೀಲಮ್ಮ. ಇಂದಿನ 36 ಲಕ್ಷದ ಲೆಕ್ಕದಲ್ಲಿ ತಲಾ 7 ಲಕ್ಷ 20 ಸಾವಿರ.

ಮೂರು ವರ್ಷದ ನಂತರ ಸಂಗಮ್ಮ ತೀರಿಕೊಂಡಾಗ ಅವಳ ಪಾಲಿಗೆ ಬೇರೆ ನಿಯಮ ಅನ್ವಯಿಸುತ್ತದೆ, ಏಕೆಂದರೆ ಹೆಂಗಸಿನ ಆಸ್ತಿಗೆ ಕಾಯ್ದೆಯಲ್ಲಿ ಬೇರೆಯೇ ಕಲಮು ಇದೆ. ಅವಳ ಮಕ್ಕಳು, ಅವಳಿಗಿಂತ ಮೊದಲೇ ತೀರಿಹೋದ ಮಕ್ಕಳ ಮಕ್ಕಳು, ಮತ್ತು ಗಂಡ ಇದ್ದರೆ ಗಂಡ. ಅವಳ ಗಂಡ ಎಂದೋ ಹೋಗಿದ್ದ. ಉಳಿದದ್ದು ಎರಡು ಕವಲು: ಮಗಳು ಚೆನ್ನಮ್ಮ, ಮತ್ತು ತೀರಿಹೋದ ಮಗ ಬಸಪ್ಪನ ಮೂವರು ಮಕ್ಕಳು. ಅರ್ಧ, ಅಂದರೆ 3 ಲಕ್ಷ 60 ಸಾವಿರ, ಚೆನ್ನಮ್ಮನಿಗೆ. ಇನ್ನರ್ಧ ಮಲ್ಲಪ್ಪ, ಈರಪ್ಪ, ನೀಲಮ್ಮನಿಗೆ ತಲಾ 1 ಲಕ್ಷ 20 ಸಾವಿರ. ಸೊಸೆ ಗೌರಮ್ಮನಿಗೆ ಅತ್ತೆಯ ಪಾಲಿನಲ್ಲಿ ಇಲ್ಲಿ ಏನೂ ಇಲ್ಲ.

ಹೀಗೆ, ಹಾಳೆಯಲ್ಲಿ ಸುಳಿವೇ ಇಲ್ಲದ ಸೋದರತ್ತೆಯೊಬ್ಬಳು ವಾರಸುದಾರಳಾಗಿ ಬಂದು ನಿಂತಳು. ಬಸಪ್ಪನ ತಂಗಿಯಾಗಿ ಅವಳಿಗೆ ಅಣ್ಣನ ಆಸ್ತಿಯಲ್ಲಿ ನೇರ ಹಕ್ಕಿಲ್ಲ, ಹೆಂಡತಿ ಮಕ್ಕಳು ಇರುವಾಗ ತಂಗಿಗೆ ಸರದಿ ಬರುವುದೇ ಇಲ್ಲ. ಅವಳ ಹಕ್ಕು ಬಂದದ್ದು ತಾಯಿಯ ಮೂಲಕ. ಚೆನ್ನಮ್ಮ 1998ರಲ್ಲಿ ತೀರಿಕೊಂಡಿದ್ದು, ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದರೆ, ಅವಳ ಮೂವರು ಮಕ್ಕಳಿಗೆ ತಲಾ 1 ಲಕ್ಷ 20 ಸಾವಿರ. ಅವರು ಈ ಊರಿನ ಪಡಿತರ ಚೀಟಿಯಲ್ಲಿ ಇಲ್ಲ, ಮತದಾರರ ಪಟ್ಟಿಯಲ್ಲಿ ಇಲ್ಲ, ಸ್ಥಳ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ನಿಂತವರಲ್ಲೂ ಇಲ್ಲ.

1985ರಲ್ಲಿ ಮಲ್ಲಪ್ಪ. ಆಗ ಅವನ ಕೈಯಲ್ಲಿ 8 ಲಕ್ಷ 40 ಸಾವಿರದ ಪಾಲು. ಹೆಂಡತಿ, ಮಗ, ಮಗಳು, ತಾಯಿ ಗೌರಮ್ಮ, ನಾಲ್ವರಿಗೂ ತಲಾ 2 ಲಕ್ಷ 10 ಸಾವಿರ. ಗೌರಮ್ಮನ ಪಾಲು ಈಗ 9 ಲಕ್ಷ 30 ಸಾವಿರಕ್ಕೆ ಏರಿತು. 1990ರಲ್ಲಿ ಅವಳು ಹೋದಾಗ ಅದು ಮೂರು ಕವಲಾಗುತ್ತದೆ: ಈರಪ್ಪನಿಗೆ 3 ಲಕ್ಷ 10 ಸಾವಿರ, ನೀಲಮ್ಮನಿಗೆ ಅಷ್ಟೇ, ಮಲ್ಲಪ್ಪನ ಇಬ್ಬರು ಮಕ್ಕಳಿಗೆ ಸೇರಿ ಅಷ್ಟೇ. ಪಾರ್ವತಿಗೆ ಅತ್ತೆಯಿಂದ ಏನೂ ಬರುವುದಿಲ್ಲ.

ಕೊನೆಗೆ ಕೂಡಿಸಿದರೆ ಈರಪ್ಪನಿಗೆ 11 ಲಕ್ಷ 50 ಸಾವಿರ, ನೀಲಮ್ಮನಿಗೆ 11 ಲಕ್ಷ 50 ಸಾವಿರ, ಪಾರ್ವತಿಗೆ 2 ಲಕ್ಷ 10 ಸಾವಿರ, ಅವಳ ಮಗನಿಗೆ ಮತ್ತು ಮಗಳಿಗೆ ತಲಾ 3 ಲಕ್ಷ 65 ಸಾವಿರ, ಚೆನ್ನಮ್ಮನ ಮಕ್ಕಳಿಗೆ ಒಟ್ಟು 3 ಲಕ್ಷ 60 ಸಾವಿರ. ಸರಿಯಾಗಿ 36 ಲಕ್ಷ. ಹಾಳೆ ಬರೆದ ಮೊಮ್ಮಗ ತನ್ನದೆಂದು ತೋರಿಸಿದ್ದು 18 ಲಕ್ಷ, ಕಾನೂನು ಅವನಿಗೆ ಕೊಡುವುದು 3 ಲಕ್ಷ 65 ಸಾವಿರ.

ಇದನ್ನು ಓದಿದ ಕಂದಾಯ ಇಲಾಖೆಯ ಅನುಭವಿಯೊಬ್ಬರು ಒಂದು ಆಕ್ಷೇಪ ಎತ್ತಬಹುದು, ಅದು ಹಗುರವಾದದ್ದಲ್ಲ. ಹಳ್ಳಿಯಲ್ಲಿ 50 ವರ್ಷದ ಹಿಂದಿನ ಸಾವಿಗೆ ಪ್ರಮಾಣಪತ್ರ ಎಲ್ಲಿಂದ ತರಬೇಕು? ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಊರಿನ ಮುದುಕಿಯೊಬ್ಬಳ ಸಾವನ್ನು 1975ರಲ್ಲಿ ಯಾರು ಹೋಗಿ ಬರೆಸಿದ್ದಾರು? ಪ್ರತಿ ಸಾವಿಗೂ ದಾಖಲೆ ಕೇಳುತ್ತ ಕೂತರೆ ಬಡವರ ಅರ್ಜಿ ಎಂದೂ ಮುಗಿಯದು, ದಲ್ಲಾಳಿಗಳ ಜೇಬು ತುಂಬೀತು.

ಈ ಮಾತಿನಲ್ಲಿ ನಿಜವಿದೆ. ಆದರೆ ಉತ್ತರವೂ ಲೆಕ್ಕದಲ್ಲೇ ಇದೆ. ಎಲ್ಲ ತಾರೀಖುಗಳೂ ಬೇಕಿಲ್ಲ. ಬೇಕಾದದ್ದು ಕ್ರಮ, ಅದೂ ಕೆಲವೇ ಜೋಡಿಗಳ ನಡುವೆ. ಓದುವವರು ಎರಡೆರಡು ಸಾವುಗಳನ್ನು ಹಿಡಿದು ಕೇಳಬೇಕಾದ ಪ್ರಶ್ನೆ ಇಷ್ಟೆ: ಇವುಗಳ ಹಿಂದುಮುಂದು ಬದಲಾದರೆ ಯಾರ ಪಾಲಾದರೂ ಬದಲಾಗುತ್ತದೆಯೇ? ನಮ್ಮ ಉದಾಹರಣೆಯಲ್ಲಿ ಮಲ್ಲಪ್ಪ ಅಪ್ಪನಿಗಿಂತ ಮೊದಲೇ, 1970ರಲ್ಲಿ, ತೀರಿಕೊಂಡಿದ್ದ ಎಂದಿಟ್ಟುಕೊಳ್ಳಿ. ಆಗ ಅವನ ಹೆಂಡತಿ ಮಕ್ಕಳು ಅವನ ಜಾಗದಲ್ಲಿ ನಿಂತು ಬಸಪ್ಪನಿಂದ ನೇರವಾಗಿ ಪಡೆಯುತ್ತಾರೆ. ಪಾರ್ವತಿಯ ಪಾಲು 2 ಲಕ್ಷ 10 ಸಾವಿರದಿಂದ 2 ಲಕ್ಷ 40 ಸಾವಿರಕ್ಕೆ ಏರುತ್ತದೆ, ಉಳಿದವರದು ಕೆಲವು ಸಾವಿರಗಳಷ್ಟು ಆಚೀಚೆ ಆಗುತ್ತದೆ. ಆದರೆ ಸಂಗಮ್ಮ ಮಗನಿಗಿಂತ ಮೊದಲು, 1971ರಲ್ಲೇ, ಹೋಗಿದ್ದಳು ಎಂದಾದರೆ? ಚೆನ್ನಮ್ಮನ ಕವಲಿಗೆ ಸಿಗುವುದು ಸೊನ್ನೆ. ಮೂರೂವರೆ ಲಕ್ಷಕ್ಕೂ ಮಿಕ್ಕ ಹಣ ಆ ಒಂದು ವರ್ಷದ ಮೇಲೆ ನಿಂತಿದೆ. ಅಂದಮೇಲೆ ಶ್ರಮವನ್ನೆಲ್ಲ ಹಾಕಬೇಕಾದದ್ದು ಸಂಗಮ್ಮ ಮತ್ತು ಬಸಪ್ಪ ಇವರಲ್ಲಿ ಯಾರು ಮೊದಲು ಹೋದರು ಎಂಬ ಒಂದೇ ಪ್ರಶ್ನೆಗೆ.

ಅದಕ್ಕೆ ಆಧಾರ ಹುಡುಕುವ ದಾರಿಗಳಿವೆ. ಬಸಪ್ಪ ಸತ್ತ ಮೇಲೆ ಆದ ಯಾವುದಾದರೂ ವ್ಯವಹಾರದಲ್ಲಿ ಸಂಗಮ್ಮನ ಹೆಬ್ಬೆಟ್ಟು ಇದೆಯೇ? ಆ ವರ್ಷಗಳ ಮತದಾರರ ಪಟ್ಟಿಯಲ್ಲಿ ಅವಳ ಹೆಸರಿದೆಯೇ? ಸಹಕಾರ ಸಂಘದ ಸಾಲದ ಕಾಗದ, ಮ್ಯುಟೇಶನ್ ರಿಜಿಸ್ಟರಿನ ಷರಾ, ಮನೆತನದ ಸಮಾಧಿಯ ಮೇಲಿನ ಬರಹ, ಇವೆಲ್ಲ ನೋಡಬೇಕಾದವು. ಮನೆಯ ಹಳೆಯ ಲೆಕ್ಕದ ವಹಿಯಲ್ಲಿ ಇಸವಿಯ ಬದಲು ಸಂವತ್ಸರದ ಹೆಸರು ಬರೆದಿರುವುದುಂಟು. ‘ರಾಕ್ಷಸ ಸಂವತ್ಸರ’ ಎಂದಿದ್ದರೆ ಅದು 1975ರ ಯುಗಾದಿಯಿಂದ ಮರು ಯುಗಾದಿಯವರೆಗೆ, ‘ಪರೀಧಾವಿ’ ಎಂದಿದ್ದರೆ 1972-73. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ರಾಕ್ಷಸ 1915ರಲ್ಲೂ ಬಂದಿತ್ತು ಎಂಬುದನ್ನು ನೆನಪಿಟ್ಟರೆ ಸಾಕು. ಇದಾವುದೂ ಇಲ್ಲದಿದ್ದರೂ ವಯಸ್ಸಾದವರ ನೆನಪು ತಾರೀಖು ಹೇಳಲಾರದು, ಕ್ರಮ ಹೇಳಬಲ್ಲದು. ‘ಯಾವ ವರ್ಷ ಸತ್ತಳು’ ಎಂದು ಕೇಳಿದರೆ ಉತ್ತರ ಸಿಗದು. ‘ಬಸಪ್ಪನ ಮಣ್ಣಿಗೆ ಅವನ ಅವ್ವ ಬಂದಿದ್ದಳೇ’ ಎಂದು ಕೇಳಿದರೆ ನೀಲಮ್ಮನಂಥವಳು ಅರೆಕ್ಷಣದಲ್ಲಿ ಹೇಳುತ್ತಾಳೆ. ವಿಚಾರಣೆಗೆ ಹೋಗುವವರಿಗೆ ಈ ಒಂದು ಪ್ರಶ್ನೆ ಕೇಳುವ ಅಭ್ಯಾಸ ಬಂದರೆ ಅರ್ಧ ಕೆಲಸ ಆದಂತೆ.

ಇನ್ನು ಹಾಳೆಯ ಒಳಗಿನ ಕೈಬರಹಕ್ಕೆ ಬರೋಣ. ಇಲ್ಲಿ ಎಡವಿಸುವ ಮೊದಲ ಸಂಗತಿ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಹಾಗಾಗಿ ಒಂದು ತಲೆಮಾರು ಬಿಟ್ಟು ಒಂದರಲ್ಲಿ ಅದೇ ಹೆಸರು ಮರಳುತ್ತದೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ. 1988ರ ಒಂದು ಕಾಗದದಲ್ಲಿ ‘ಬಸಪ್ಪ’ ಸಹಿ ಮಾಡಿದ್ದರೆ ಅದು ಅಜ್ಜನದಾಗಿರಲು ಸಾಧ್ಯವಿಲ್ಲ. ಹಳೆ ಮೈಸೂರಿನ ದಾಖಲೆಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಉತ್ತರದ ಕಡೆ ‘ತಂದೆ’, ‘ಗಂಡ’ ಎಂದೇ ಬರೆಯುತ್ತಾರೆ. ಆ ಒಂದು ಪದವನ್ನು ಬಿಟ್ಟು ಹೆಸರನ್ನಷ್ಟೇ ಹಾಳೆಗೆ ನಕಲು ಮಾಡಿದಾಗ ಎರಡು ತಲೆಮಾರು ಒಂದರೊಳಗೊಂದು ಸೇರಿಹೋಗುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ತೊಡಕು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು. ಶಾಲೆಯ ದಾಖಲೆಯಲ್ಲಿರುವ ನೀಲಮ್ಮ ಆಧಾರ್ ಕಾರ್ಡಿನಲ್ಲಿ ಬೇರೆ ಯಾರೋ ಆಗಿರಬಹುದು.

ಎರಡನೆಯದು ಗೆರೆ ಯಾರಿಂದ ಹೊರಟಿದೆ ಎಂಬುದು. ಮಕ್ಕಳ ಗೆರೆಯನ್ನು ಸಾಮಾನ್ಯವಾಗಿ ಅಪ್ಪನ ಹೆಸರಿನಿಂದ ಇಳಿಸುತ್ತಾರೆ, ಅವ್ವನ ಹೆಸರು ಪಕ್ಕದಲ್ಲಿ ಇದ್ದರೆ ಇತ್ತು. ಬಸಪ್ಪನಿಗೆ ಇಬ್ಬರು ಹೆಂಡಿರಿದ್ದು, ಮೊದಲನೆಯವಳು ತೀರಿಹೋದ ಮೇಲೆ ಗೌರಮ್ಮನನ್ನು ಮಾಡಿಕೊಂಡಿದ್ದರೆ, ಮಲ್ಲಪ್ಪ ಮೊದಲನೆಯವಳ ಮಗನಾಗಿದ್ದರೆ, ಹಾಳೆಯಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಲೆಕ್ಕ ಮಾತ್ರ ಬದಲಾಗುತ್ತದೆ. ಗೌರಮ್ಮ ಅವನಿಗೆ ಮಲತಾಯಿ. 1985ರಲ್ಲಿ ಅವನ ಪಾಲಿನಲ್ಲಿ ಅವಳಿಗೆ ಭಾಗವಿಲ್ಲ, 1990ರಲ್ಲಿ ಅವಳ ಪಾಲಿನಲ್ಲಿ ಅವನ ಮಕ್ಕಳಿಗೆ ಭಾಗವಿಲ್ಲ. ಹೆಂಗಸಿನ ಆಸ್ತಿಗೆ ‘ಮಗ’ ಎಂದರೆ ಅವಳು ಹೆತ್ತ ಅಥವಾ ದತ್ತು ಪಡೆದ ಮಗನೇ, ಮಲಮಗ ಅಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಇದನ್ನು ಹಾಳೆಯಿಂದಲೇ ಅನುಮಾನಿಸುವ ಒಂದು ಉಪಾಯವಿದೆ, ವಯಸ್ಸು ಕಳೆದು ನೋಡುವುದು. ತಾಯಿಗೂ ಹಿರಿಮಗನಿಗೂ ಹತ್ತೋ ಹನ್ನೊಂದೋ ವರ್ಷದ ಅಂತರವಷ್ಟೇ ಬಂದರೆ ಒಂದೋ ವಯಸ್ಸು ತಪ್ಪು, ಇಲ್ಲವೇ ಅವಳು ಹೆತ್ತ ತಾಯಿಯಲ್ಲ.

ಮೊದಲ ಹೆಂಡತಿ ಬದುಕಿರುವಾಗಲೇ ಮಾಡಿಕೊಂಡ ಎರಡನೆಯ ಮದುವೆಯ ಮಕ್ಕಳನ್ನು ಹಾಳೆಯಿಂದ ಬಿಡುವವರೂ ಇದ್ದಾರೆ. ಆ ಮದುವೆ ಕಾನೂನಿನ ಕಣ್ಣಿಗೆ ಇಲ್ಲದಿದ್ದರೂ ಅಪ್ಪನಿಗೆ ಸೇರಿದ ಆಸ್ತಿಯಲ್ಲಿ ಆ ಮಕ್ಕಳಿಗೆ ಹಕ್ಕಿದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು 2023ರ ಸೆಪ್ಟೆಂಬರಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಪಾಲು ಪಡೆಯುವುದು ಅಪ್ಪ ಅಮ್ಮನ ಆಸ್ತಿಯಲ್ಲಿ ಮಾತ್ರ, ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದ ಬರುವ ಹಕ್ಕು ಅವರಿಗಿಲ್ಲ ಎಂಬ ಮಿತಿಯನ್ನೂ ಹಾಕಿದ್ದಾರೆ.

ಮೂರನೆಯದು ‘ನಿಸ್ಸಂತಾನ’ ಎಂಬ ಷರಾ. ಯಾರದೋ ಹೆಸರಿನ ಕೆಳಗೆ ಹೀಗೆ ಬರೆದು ಗೆರೆ ನಿಲ್ಲಿಸಿದರೆ ಓದುವವರು ಆ ಕವಲು ಮುಗಿಯಿತೆಂದು ಮುಂದೆ ಹೋಗುತ್ತಾರೆ. ಮಕ್ಕಳಿಲ್ಲದವನಿಗೆ ಹೆಂಡತಿ ಇದ್ದಿರಬಹುದು. ಗಂಡ ಸತ್ತ ಮೇಲೆ ತವರಿಗೆ ಹೋಗಿ ಅಲ್ಲೇ ಉಳಿದ ಹೆಂಗಸಿನ ಪಾಲು ಅವಳು ಊರು ಬಿಟ್ಟದ್ದಕ್ಕೆ ಹೋಗುವುದಿಲ್ಲ.

ಈವರೆಗಿನ ಲೆಕ್ಕ ಸ್ವಯಾರ್ಜಿತ ಹೊಲದ್ದು. ಅದೇ ಹೊಲ ಪಿತ್ರಾರ್ಜಿತವಾಗಿದ್ದರೆ ಮೊದಲ ಹೆಜ್ಜೆಯೇ ಬೇರೆ. ಹುಟ್ಟಿನಿಂದ ಹಕ್ಕುಳ್ಳವರು ಯಾರು ಎಂದು ನೋಡಿ, ಬಸಪ್ಪನ ಪಾಲು ಎಷ್ಟಿತ್ತೆಂದು ತೆಗೆದು, ಅದನ್ನಷ್ಟೇ ಮೇಲಿನ ಕ್ರಮದಲ್ಲಿ ಹಂಚಬೇಕು. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿಯಿಂದ ಅದುವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಅದನ್ನು ಕೊಟ್ಟಿತು. ಆ ದಿನ ಅಪ್ಪ ಬದುಕಿರಬೇಕಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟಿನಲ್ಲಿ ತೀರ್ಪಾಯಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಪಾಲುಪಟ್ಟಿಯೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದನ್ನು ಕದಲಿಸುವಂತಿಲ್ಲ. ಆದ್ದರಿಂದ ಪಿತ್ರಾರ್ಜಿತದ ಹಾಳೆಯಲ್ಲಿ ಸಾವಿನ ಕ್ರಮದ ಜೊತೆಗೆ ಪಾಲಿನ ತಾರೀಖನ್ನೂ ಹುಡುಕಬೇಕು.

ಮನೆತನದ ಧರ್ಮ ಮತ್ತು ಕಟ್ಟಳೆ ಬೇರೆಯಾದರೆ ಇದೇ ಆಕಾರದ ಹಾಳೆಗೆ ಬೇರೆ ಉತ್ತರ. ಹನಫಿ ಪದ್ಧತಿಯ ಮುಸ್ಲಿಂ ಕುಟುಂಬದಲ್ಲಿ, ಅಪ್ಪನಿಗಿಂತ ಮೊದಲೇ ಸತ್ತ ಮಗನ ಮಕ್ಕಳಿಗೆ, ಅಜ್ಜನ ಇನ್ನೊಬ್ಬ ಮಗ ಬದುಕಿರುವಾಗ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ತುಳುನಾಡಿನ ಹಳೆಯ ಅಳಿಯಸಂತಾನದ ಹಾಳೆಗಳಲ್ಲಿ ಮೇಲಿರುವುದು ಹೆಣ್ಣು, ಕವರುಗಳು ಒಡೆಯುವುದು ಹೆಣ್ಣುಮಕ್ಕಳಿಂದ. ಅಲ್ಲಿ ಗಂಡಸಿನ ಹೆಸರಿನ ಕೆಳಗೆ ಗೆರೆ ಇಲ್ಲದಿರುವುದಕ್ಕೆ ಅವನಿಗೆ ಮಕ್ಕಳಿಲ್ಲ ಎಂಬ ಅರ್ಥವಿಲ್ಲ, ಅವನ ಮಕ್ಕಳು ತಾಯಿಯ ಕುಟುಂಬದ ಹಾಳೆಯಲ್ಲಿರುತ್ತಾರೆ.

ಹಾಳೆಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ನ್ಯಾಯಾಲಯಗಳು ಒಂದು ಒಳ್ಳೆಯ ಅಳತೆಗೋಲು ಕೊಟ್ಟಿವೆ. ಬಿಹಾರದ ಬೇತಿಯಾ ಸಂಸ್ಥಾನದ ಮಹಾರಾಜ 1893ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅವನ ಕೊನೆಯ ರಾಣಿ 1954ರಲ್ಲಿ ತೀರಿಹೋದ ಮೇಲೆ ದೂರದ ದಾಯಾದಿಗಳೆಂದು ಹೇಳಿಕೊಂಡವರು ವಂಶಾವಳಿಗಳನ್ನು ಹಿಡಿದು ಕೋರ್ಟಿಗೆ ಬಂದರು. 1983ರಲ್ಲಿ ಸುಪ್ರೀಂ ಕೋರ್ಟ್ ಆ ವಂಶಾವಳಿಗಳನ್ನು ಒಪ್ಪಲಿಲ್ಲ. ವಂಶಾವಳಿಯ ಮೂಲ ಯಾವುದು, ಬರೆಸಿದವನಿಗೆ ಆ ಸಂಬಂಧಗಳು ಗೊತ್ತಿರಲು ಕಾರಣವೇನು, ಬರೆದದ್ದು ತಕರಾರು ಹುಟ್ಟುವ ಮುಂಚೆಯೋ ಆಮೇಲೋ, ಬರೆದವನಿಗೆ ಅದರಿಂದ ಲಾಭವಿತ್ತೇ, ಇವನ್ನೆಲ್ಲ ತೂಗಿ ನೋಡಬೇಕು ಎಂಬುದು ಆ ತೀರ್ಪಿನ ತಿರುಳು. ಸಾಕ್ಷ್ಯ ಕಾನೂನೂ ಸತ್ತವರು ಸಂಬಂಧದ ಬಗ್ಗೆ ಹೇಳಿದ ಮಾತಿಗೆ ಬೆಲೆ ಕೊಡುವುದು ಆ ಮಾತು ತಕರಾರಿಗಿಂತ ಮುಂಚಿನದಾಗಿದ್ದರೆ.

ಈ ಅಳತೆಗೋಲಿಗೆ ಇಟ್ಟು ನೋಡಿದರೆ, ಪರಿಹಾರದ ನೋಟಿಸು ಬಂದ ಮೇಲೆ ಮೊಮ್ಮಗ ಬರೆದುಕೊಟ್ಟ ಹಾಳೆಗೆ ತೂಕ ಕಡಿಮೆ. ಅದು ಅವನ ಅರ್ಜಿಯ ಒಂದು ಭಾಗ, ಅಷ್ಟೆ. ಅಜ್ಜ ಯಾವುದೋ ಸಾಲಕ್ಕೆಂದು 1960ರ ದಶಕದಲ್ಲಿ ಬರೆಸಿದ್ದ ಕಾಗದದಲ್ಲಿ ಮನೆಯವರ ಹೆಸರುಗಳಿದ್ದರೆ ಅದಕ್ಕೆ ಹೆಚ್ಚು ತೂಕ. ಉತ್ತರ ಕರ್ನಾಟಕದಲ್ಲಿ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಹೊತ್ತಿಗೆಯೂ ಈ ದೃಷ್ಟಿಯಿಂದ ಅಮೂಲ್ಯವಾದದ್ದು. ಹೆಳವರಿಗೆ ಈ ಹೊಲದ ಹಣದಲ್ಲಿ ಪಾಲಿಲ್ಲ, ಅವರು ಬರೆದದ್ದು ಈ ಜಗಳಕ್ಕೆ ಮುಂಚೆ. ಆದರೆ ಅವರ ಹೊತ್ತಿಗೆ ಮುಖ್ಯವಾಗಿ ಗಂಡುಸಂತಾನದ ದಾರಿಯಲ್ಲೇ ನಡೆಯುವಂಥದ್ದು. ಅಲ್ಲಿ ಚೆನ್ನಮ್ಮನ ಹೆಸರಿಲ್ಲ ಎಂಬ ಕಾರಣಕ್ಕೆ ಅವಳು ಇರಲಿಲ್ಲ ಎನ್ನಲಾಗದು.

ತಹಶೀಲ್ದಾರರ ಮೊಹರು ಬಿದ್ದ ಮಾತ್ರಕ್ಕೆ ಹಕ್ಕು ನಿರ್ಧಾರವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಖಾತೆ ಬದಲಾವಣೆ ಕಂದಾಯ ವಸೂಲಿಯ ಅನುಕೂಲಕ್ಕೆ, ಅದರಿಂದ ಮಾಲೀಕತ್ವ ಹುಟ್ಟದು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಹಾಳೆಯಲ್ಲಿ ಹೆಸರಿಲ್ಲದ ನೀಲಮ್ಮ ಮತ್ತು ಚೆನ್ನಮ್ಮನ ಮಕ್ಕಳು ಪರಿಹಾರ ಹಂಚುವ ಮುಂಚೆಯೇ ಲಿಖಿತ ತಕರಾರು ಕೊಟ್ಟರೆ, 2013ರ ಭೂಸ್ವಾಧೀನ ಕಾಯ್ದೆಯ ಅಡಿ ಹಂಚಿಕೆಯ ವಿವಾದವನ್ನು ಪ್ರಾಧಿಕಾರಕ್ಕೆ ಒಪ್ಪಿಸಲು ಅವಕಾಶವಿದೆ. ಹಣ ಕೈಬದಲಾದ ಮೇಲೆ ಬಂದರೆ ಸಿವಿಲ್ ದಾವೆ ಹೂಡಿ ಮನೆಯವರಿಂದಲೇ ವಸೂಲು ಮಾಡಬೇಕು, ಅಷ್ಟರಲ್ಲಿ ಹಣ ಮನೆ ಕಟ್ಟಲು, ಮದುವೆಗೆ, ಸಾಲಕ್ಕೆ ಕರಗಿಹೋಗಿರುತ್ತದೆ.

‘ಹೆಣ್ಣುಮಕ್ಕಳು ಕೇಳುವುದಿಲ್ಲ ಬಿಡಿ, ಅವರಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೇವೆ’ ಎಂಬ ಮಾತು ಇಂಥ ಪ್ರತಿ ಕಡತದ ಹಿಂದೆ ಕೇಳಿಬರುತ್ತದೆ. ಕೇಳದಿರುವುದು ಅವರ ಇಷ್ಟ. ಅವರು ಬಿಟ್ಟುಕೊಡಬಹುದು, ಜಮೀನಿನ ಹಕ್ಕಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಎಂಬ ದಾರಿಯೇ ಇದೆ. ಆದರೆ ಬಿಟ್ಟುಕೊಡಬೇಕಾದವರು ಅವರೇ, ಮೊಮ್ಮಗನ ಪೆನ್ನು ಅವರ ಪರವಾಗಿ ಬಿಟ್ಟುಕೊಡುವಂತಿಲ್ಲ. ಹಾಳೆಯಲ್ಲಿ ಹೆಸರು ಬರೆಯದಿರುವುದನ್ನು ಕಚೇರಿಗಳು ಹಕ್ಕು ಬಿಟ್ಟಂತೆ ಎಣಿಸುತ್ತಿರುವುದು ಅನ್ಯಾಯ.

ಆದ್ದರಿಂದ ಕಂದಾಯ ಇಲಾಖೆ ವಂಶವೃಕ್ಷದ ನಮೂನೆಯಲ್ಲಿ ಕಡ್ಡಾಯ ಮಾಡಬೇಕಾದದ್ದು ನಾಲ್ಕು ಸಂಗತಿ: ‘ಮೃತ’ ಎಂದಲ್ಲೆಲ್ಲ ವರ್ಷ, ವರ್ಷ ಗೊತ್ತಿಲ್ಲದಿದ್ದರೆ ಯಾರಿಗಿಂತ ಮೊದಲು ಯಾರಿಗಿಂತ ನಂತರ ಎಂಬ ಒಂದು ಸಾಲು, ಮೂಲ ಪುರುಷನ ತಾಯಿಯ ಹೆಸರು ಮತ್ತು ಅವನು ಸತ್ತಾಗ ಆಕೆ ಇದ್ದಳೇ ಎಂಬ ಉತ್ತರ, ಪ್ರತಿ ಮಗುವಿನ ಮುಂದೆ ಹೆತ್ತವಳ ಹೆಸರು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಈಗಿನ ಹೆಸರು, ಊರು. ಇಷ್ಟು ಬರೆಯಲು ಹಾಳೆಯ ಅರ್ಧ ಮಗ್ಗುಲೂ ಬೇಡ. ನಮೂನೆ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಇಂಥ ಹಾಳೆಗೆ ಸಾಕ್ಷಿ ಹಾಕಲು ಕರೆ ಬಂದವರು ಸಹಿಗೆ ಮುಂಚೆ ಆ ಮನೆಯ ಸೋದರತ್ತೆಯರ ಹೆಸರು ಕೇಳಲಿ, ಉತ್ತರ ಸಿಗುವವರೆಗೆ ಪೆನ್ನು ಕೈಗೆತ್ತಿಕೊಳ್ಳದಿರಲಿ.